ರಿಪೋರ್ಟ್‌ ಫೋಟೊದಲ್ಲಿ ಇರುವುದು 18 ಅಥವಾ 118? ಊಹಿಸುವ ಮುನ್ನ ಮತ್ತೆ ಕ್ರಾಪ್ ಮಾಡಿ ಓದಬೇಕಾದದ್ದು ಯಾವಾಗ

"ತುರ್ತಾಗಿ ಪ್ಲೇಟ್‌ಲೆಟ್ ಬೇಕಾಗಿದೆ, ರೋಗಿಯ ಕೌಂಟ್ 18 ಸಾವಿರಕ್ಕೆ ಇಳಿದಿದೆ." ಡೆಂಗಿ ಕಾಲದಲ್ಲಿ ಇಂಥ ಮೆಸೇಜ್ ಬಾರದ ವಾಟ್ಸ್‌ಆ್ಯಪ್ ಗ್ರೂಪ್ ಇಲ್ಲ. ಆ 18 ಸಾವಿರ ಎಂಬ ಸಂಖ್ಯೆ ಎಷ್ಟೋ ಸಲ ಲ್ಯಾಬ್‌ನಿಂದ ನೇರವಾಗಿ ಬಂದಿರುವುದಿಲ್ಲ. ಯಾರೋ ರಿಪೋರ್ಟ್‌ನ ಫೋಟೊ ಹೊಡೆದು ಮನೆಯ ಗ್ರೂಪಿಗೆ ಹಾಕಿರುತ್ತಾರೆ. ಇನ್ನೊಬ್ಬರು ಅದನ್ನು ಬೆರಳಲ್ಲಿ ಹಿಗ್ಗಿಸಿ ನೋಡಿರುತ್ತಾರೆ, ಅಥವಾ ಫೋಟೊದಿಂದ ಅಕ್ಷರ ಎತ್ತಿಕೊಡುವ ಆ್ಯಪ್‌ಗೆ ಕೊಟ್ಟಿರುತ್ತಾರೆ. ಬಂದ ಸಂಖ್ಯೆಯನ್ನು ಟೈಪ್ ಮಾಡಿ ಮುಂದಕ್ಕೆ ಕಳಿಸಿರುತ್ತಾರೆ. ಮೂಲ ಕಾಗದದಲ್ಲಿ 118 ಎಂದಿದ್ದು ಮೊದಲ 1 ಕಾಣದೇ ಹೋಗಿದ್ದರೆ, ಅಂದರೆ ಕೌಂಟ್ 1 ಲಕ್ಷ 18 ಸಾವಿರ ಇದ್ದರೆ, ಹತ್ತಾರು ಜನ ಸುಮ್ಮನೆ ಗಾಬರಿಯಾಗುತ್ತಾರೆ. ಇದರ ತಿರುವುಮುರುವು ಇನ್ನೂ ಅಪಾಯಕಾರಿ. 18 ಇದ್ದದ್ದನ್ನು 118 ಎಂದು ಓದಿದರೆ ಮನೆಯವರು ನೆಮ್ಮದಿಯಿಂದ ಕೂತುಬಿಡುತ್ತಾರೆ.

ಮಸುಕಾದ ಜಾಗದ ಸಂಖ್ಯೆಯನ್ನು ಯಾವಾಗ ಹಾಗೇ ಒಪ್ಪಿಕೊಳ್ಳಬಹುದು? ಯಾವಾಗ ಆ ಭಾಗವನ್ನು ಮತ್ತೆ ಕ್ರಾಪ್ ಮಾಡಿ ಓದಬೇಕು? ಯಾವಾಗ ಎರಡನ್ನೂ ಬಿಟ್ಟು "ಬೇರೆ ಫೋಟೊ ಕಳಿಸಿ" ಎನ್ನಬೇಕು? ಇದನ್ನು ತೀರ್ಮಾನಿಸಲು ನಿಮ್ಮ ಮೊಬೈಲ್‌ನಲ್ಲೇ ಮಾಡಬಹುದಾದ ಕೆಲವು ಪರೀಕ್ಷೆಗಳಿವೆ.

ಫೋಟೊದಲ್ಲಿ ಅಂಕಿಗೆ ಸಿಗುವ ಜಾಗ ಎಷ್ಟು?

ಫೋಟೊ ಎಂದರೆ ಚಿಕ್ಕ ಚಿಕ್ಕ ಬಣ್ಣದ ಚೌಕಗಳ ಸಾಲು. ಈ ಚೌಕಗಳೇ ಪಿಕ್ಸೆಲ್. 12 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೊ ಉದ್ದದಲ್ಲಿ ಸುಮಾರು 4000 ಪಿಕ್ಸೆಲ್ ಇರುತ್ತದೆ. ಅದೇ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ರೀತಿಯಲ್ಲಿ ಕಳಿಸಿದರೆ ಡೇಟಾ ಉಳಿಸಲು ಅದು ಕುಗ್ಗುತ್ತದೆ. ಉದ್ದ ಸಾಮಾನ್ಯವಾಗಿ 1600 ಪಿಕ್ಸೆಲ್ ಆಸುಪಾಸಿಗೆ ಬರುತ್ತದೆ.

ಲ್ಯಾಬ್ ರಿಪೋರ್ಟ್ ಇರುವುದು ಎ4 ಹಾಳೆಯಲ್ಲಿ. ಅದರ ಎತ್ತರ 297 ಮಿಲಿಮೀಟರ್. ಮಾಮೂಲಿ ಗಾತ್ರದಲ್ಲಿ ಅಚ್ಚಾದ ಒಂದು ಅಂಕಿಯ ಎತ್ತರ ಸುಮಾರು 2.5 ಮಿಲಿಮೀಟರ್, ಅಂದರೆ ಹಾಳೆಯ ಎತ್ತರದ ಸುಮಾರು 120ನೇ ಒಂದು ಭಾಗ. ಹಾಳೆ ಫೋಟೊದ ತುಂಬ ಬಂದಿದ್ದರೆ ಲೆಕ್ಕ ಸುಲಭ. 4000ವನ್ನು 120ರಿಂದ ಭಾಗಿಸಿದರೆ ಒಂದು ಅಂಕಿಗೆ 33 ಪಿಕ್ಸೆಲ್ ಎತ್ತರ ಸಿಗುತ್ತದೆ. 1600ಕ್ಕೆ ಇಳಿದ ಫೋಟೊದಲ್ಲಿ ಸಿಗುವುದು 13 ಮಾತ್ರ. ಮೇಜು, ಬೆರಳು, ಚಾದರ ಎಲ್ಲವೂ ಫೋಟೊದಲ್ಲಿದ್ದು ಹಾಳೆ ಮೂರರಲ್ಲಿ ಎರಡು ಪಾಲು ಎತ್ತರದಲ್ಲಷ್ಟೇ ಇದ್ದರೆ ಅದು 9ಕ್ಕೆ ಇಳಿಯುತ್ತದೆ. 9 ಪಿಕ್ಸೆಲ್ ಎತ್ತರದಲ್ಲಿ 3ಕ್ಕೂ 8ಕ್ಕೂ ಇರುವ ವ್ಯತ್ಯಾಸ ಎಡಬದಿಯ ಎರಡು ಮೂರು ಚೌಕಗಳು ಮಾತ್ರ. ದಶಾಂಶ ಬಿಂದುವಿಗೆ ಉಳಿಯುವುದು ಒಂದೋ ಎರಡೋ ಚೌಕ.

ಮೇಲಿಂದ ಇನ್ನೊಂದು ಪೆಟ್ಟು ಇದೆ. ಸಾಮಾನ್ಯ ಜೆಪೆಗ್ ಫೋಟೊ ಇಡೀ ಚಿತ್ರವನ್ನು 8×8 ಪಿಕ್ಸೆಲ್‌ಗಳ ತುಂಡುಗಳಾಗಿ ಮಾಡಿ, ಪ್ರತಿ ತುಂಡಿನಲ್ಲೂ ಸೂಕ್ಷ್ಮ ವಿವರವನ್ನು ಕೈಬಿಟ್ಟು ಗಾತ್ರ ಕಡಿಮೆ ಮಾಡುತ್ತದೆ. ಮುಖ, ಮರ, ಆಕಾಶದಲ್ಲಿ ಇದು ಗೊತ್ತಾಗುವುದಿಲ್ಲ. ಬಿಳಿ ಹಾಳೆಯ ಮೇಲಿನ ಒಂದೇ ಒಂದು ಕಪ್ಪು ಚುಕ್ಕೆ ಮಾತ್ರ ಬೂದು ಕಲೆಯಾಗಿ ಕರಗಿಹೋಗಬಹುದು. 1.3 ಎಂಬುದು 13 ಆಗುವುದು ಹೀಗೆ.

"ಝೂಮ್ ಮಾಡಿದರೆ ಕಾಣುತ್ತೆ" ಎಂಬುದು ನಿಜವೇ?

ಅರ್ಧ ನಿಜ. ಝೂಮ್ ಮಾಡಿದರೆ ಫೋಟೊದಲ್ಲಿ ಇರುವ ಚೌಕಗಳು ದೊಡ್ಡದಾಗಿ ಕಾಣುತ್ತವೆ, ಹೊಸ ಚೌಕ ಹುಟ್ಟುವುದಿಲ್ಲ. ಆದರೂ ಇಡೀ ಪುಟದಿಂದ ತಪ್ಪಾಗಿ ಬಂದ ಸಂಖ್ಯೆ, ಆ ಸಾಲನ್ನಷ್ಟೇ ಕತ್ತರಿಸಿ ಕೊಟ್ಟಾಗ ಸರಿಯಾಗಿ ಬರುವುದೂ ಉಂಟು. ಇದಕ್ಕೆ ಮುಖ್ಯವಾಗಿ ಎರಡು ಕಾರಣ.

ಮೊದಲನೆಯದು, ಅಕ್ಷರ ಓದುವ ಅನೇಕ ತಂತ್ರಾಂಶಗಳು ದೊಡ್ಡ ಫೋಟೊ ಕೊಟ್ಟರೆ ಓದುವ ಮೊದಲೇ ಅದನ್ನು ತಮ್ಮ ಅನುಕೂಲಕ್ಕೆ ಕುಗ್ಗಿಸಿಕೊಳ್ಳುತ್ತವೆ. ನಿಮ್ಮ ಫೈಲ್‌ನಲ್ಲಿ 33 ಪಿಕ್ಸೆಲ್ ಇದ್ದ ಅಂಕಿ ಅವುಗಳ ಕಣ್ಣಿಗೆ 10 ಪಿಕ್ಸೆಲ್ ಆಗಿ ಕಂಡಿರಬಹುದು. ಬೇಕಾದ ತುಂಡನ್ನಷ್ಟೇ ಕೊಟ್ಟರೆ ಕುಗ್ಗಿಸುವ ಪ್ರಮೇಯ ಬರುವುದಿಲ್ಲ.

ಎರಡನೆಯದು ನೆರಳು. ಕೆಲವು ತಂತ್ರಾಂಶಗಳು ಓದುವ ಮುನ್ನ ಫೋಟೊವನ್ನು ಬರೀ ಕಪ್ಪು, ಬರೀ ಬಿಳಿ ಎಂದು ಎರಡಾಗಿ ಒಡೆಯುತ್ತವೆ. ಎಷ್ಟು ಗಾಢವಾಗಿದ್ದರೆ ಕಪ್ಪು ಎನ್ನಬೇಕು ಎಂಬ ಗೆರೆಯನ್ನು ಇಡೀ ಪುಟಕ್ಕೆ ಒಂದೇ ಎಂದು ಇಟ್ಟರೆ, ಮೊಬೈಲ್ ಹಿಡಿದ ಕೈಯ ನೆರಳು ಬಿದ್ದ ಮೂಲೆ ಪೂರ್ತಿ ಕಪ್ಪಾಗುತ್ತದೆ. ಟ್ಯೂಬ್‌ಲೈಟ್ ಹೊಳಪು ಬಿದ್ದ ಕಡೆ ಅಕ್ಷರವೇ ಬಿಳಿಯಾಗುತ್ತದೆ. ಆ ಭಾಗವನ್ನು ಮಾತ್ರ ಕ್ರಾಪ್ ಮಾಡಿ ಕೊಟ್ಟರೆ ಗೆರೆ ಆ ಭಾಗಕ್ಕೆ ತಕ್ಕಂತೆ ಬೀಳುತ್ತದೆ.

ಎರಡೂ ಕಡೆ ಮಾಹಿತಿ ಫೋಟೊದಲ್ಲಿ ಇತ್ತು, ಓದುವಾಗ ಕಳೆದುಹೋಗಿತ್ತು. ಮತ್ತೆ ಕ್ರಾಪ್ ಮಾಡುವುದು ಕೆಲಸಕ್ಕೆ ಬರುವುದು ಇಂಥ ಕಡೆ. ಮಾಹಿತಿ ಫೋಟೊದಲ್ಲೇ ಇಲ್ಲದಿದ್ದರೆ ಎಷ್ಟು ಸಲ ಕತ್ತರಿಸಿದರೂ ಸಿಗುವುದು ಹೊಸ ಹೊಸ ಊಹೆ. ಹಾಗಾಗಿ ಮೊದಲು ತಿಳಿಯಬೇಕಾದದ್ದು, ಮಾಹಿತಿ ಫೋಟೊದಲ್ಲಿ ಉಳಿದಿದೆಯೇ ಎಂಬುದನ್ನು.

ಉಳಿದಿದೆಯೇ ಎಂದು ತಿಳಿಯುವುದು ಹೇಗೆ?

ಒಂದು ಅಂದಾಜು ಲೆಕ್ಕದಿಂದ ಸಿಗುತ್ತದೆ. ಗ್ಯಾಲರಿಯಲ್ಲಿ ಫೋಟೊ ತೆರೆದು ಅದರ ವಿವರ ನೋಡಿ. 1200×1600 ಎಂಬಂಥ ಸಂಖ್ಯೆ ಇರುತ್ತದೆ. ಹಾಳೆಯ ಉದ್ದಕ್ಕೆ ಬಂದಿರುವ ಪಿಕ್ಸೆಲ್‌ಗಳನ್ನು 120ರಿಂದ ಭಾಗಿಸಿ. ಉತ್ತರ 20ಕ್ಕಿಂತ ಹೆಚ್ಚಿದ್ದರೆ ಮತ್ತೆ ಕ್ರಾಪ್ ಮಾಡಿ ಓದುವುದರಲ್ಲಿ ಅರ್ಥವಿದೆ. 10ಕ್ಕಿಂತ ಕಡಿಮೆಯಿದ್ದರೆ ಸಮಯ ಹಾಳು ಮಾಡದೆ ಬೇರೆ ಫೋಟೊ ಕೇಳಿ. ನಡುವೆ ಇದ್ದರೆ ಪ್ರಯತ್ನಿಸಿ, ಆದರೆ ಬಂದ ಸಂಖ್ಯೆಯನ್ನು ಇನ್ನೊಂದು ದಾರಿಯಿಂದ ತಾಳೆ ನೋಡದೆ ಒಪ್ಪಬೇಡಿ.

ಪಿಕ್ಸೆಲ್ ಸಾಕಷ್ಟಿದ್ದೂ ಕೈ ನಡುಗಿ ಫೋಟೊ ಅಲುಗಾಡಿರಬಹುದು, ಫೋಕಸ್ ತಪ್ಪಿರಬಹುದು. ಇದನ್ನು ಲೆಕ್ಕ ಹಿಡಿಯುವುದಿಲ್ಲ. ಅದಕ್ಕೆ ಇನ್ನೂ ನಂಬಿಕಸ್ಥ ಪರೀಕ್ಷೆಯೊಂದಿದೆ. ಅನುಮಾನದ ಅಂಕಿ 3 ಅಥವಾ 8 ಎಂದಿಟ್ಟುಕೊಳ್ಳಿ. ಅದೇ ಪುಟದಲ್ಲಿ ಖಚಿತವಾಗಿ ಗೊತ್ತಿರುವ ಒಂದು 3, ಒಂದು 8 ಹುಡುಕಿ. ಪರೀಕ್ಷೆ ಮಾಡಿಸಿದ ದಿನಾಂಕ, ರೋಗಿಯ ವಯಸ್ಸು, ಲ್ಯಾಬ್‌ನ ಫೋನ್ ನಂಬರ್, ಪಕ್ಕದ ಕಾಲಂನಲ್ಲಿ ಅಚ್ಚಾದ ಸಾಮಾನ್ಯ ಮಿತಿ, ಇವೆಲ್ಲ ನಿಮಗೆ ಬೇರೆ ಕಡೆಯಿಂದಲೂ ಗೊತ್ತಾಗುವಂಥವು. ಅದೇ ಅಚ್ಚು, ಹತ್ತಿರಹತ್ತಿರ ಅದೇ ಗಾತ್ರ ಇರುವುದನ್ನೇ ಆರಿಸಿ. ಮೂರನ್ನೂ ಒಂದೇ ಅಳತೆಗೆ ಹಿಗ್ಗಿಸಿ ಪಕ್ಕಪಕ್ಕ ನೋಡಿ.

ಗೊತ್ತಿರುವ 3 ಮತ್ತು ಗೊತ್ತಿರುವ 8 ಬೇರೆಬೇರೆಯಾಗಿ ಕಂಡರೆ ಮಾಹಿತಿ ಉಳಿದಿದೆ, ಅನುಮಾನದ ಅಂಕಿ ಯಾವುದನ್ನು ಹೋಲುತ್ತದೆ ಎಂದು ನೋಡಬಹುದು. ಅವೆರಡೇ ಒಂದೇ ತರಹದ ಕಲೆಯಂತೆ ಕಂಡರೆ ಆ ಫೋಟೊದಿಂದ ಯಾರೂ, ಯಾವ ಆ್ಯಪೂ, 3 ಮತ್ತು 8ನ್ನು ಬೇರ್ಪಡಿಸಿ ಹೇಳಲಾರರು. ಅಲ್ಲಿಗೆ ನಿಲ್ಲಿಸಿ. 1 ಮತ್ತು 7, 5 ಮತ್ತು 6, 6 ಮತ್ತು 8, 0 ಮತ್ತು 8 ಈ ಜೋಡಿಗಳಿಗೂ ಇದೇ ಪರೀಕ್ಷೆ. ದಶಾಂಶ ಬಿಂದುವಿಗಾದರೆ, ಬಿಂದು ಇರಲೇಬೇಕಾದ ಇನ್ನೊಂದು ಸಾಲಿನಲ್ಲಿ ಅದು ಕಾಣುತ್ತಿದೆಯೇ ನೋಡಿ.

ಒಂದು ರಿಪೋರ್ಟ್ ಓದೋಣ

ಈಗ ಒಂದು ಕಾಲ್ಪನಿಕ ಉದಾಹರಣೆ. ಜ್ವರ ಬಂದವರ ಸಿಬಿಸಿ ರಿಪೋರ್ಟ್‌ನ ಫೋಟೊ ಬಂದಿದೆ. ಆ್ಯಪ್ ಅದರಿಂದ ಎತ್ತಿಕೊಟ್ಟ ಸಾಲುಗಳು ಹೀಗಿವೆ:

```
PLT   18     10^3/uL   L   150-410
MPV   10.2   fL
PCT   0.12   %
```

PLT ಎಂದರೆ ಪ್ಲೇಟ್‌ಲೆಟ್ ಎಣಿಕೆ. ಅಳತೆಯ ಕಾಲಂನಲ್ಲಿ ಸಾವಿರದ ಗುರುತು ಇರುವುದರಿಂದ 18 ಎಂದರೆ 18 ಸಾವಿರ. ಪಕ್ಕದಲ್ಲಿ L ಎಂಬ ಗುರುತೂ ಇದೆ, ಅಂದರೆ ಮಿತಿಗಿಂತ ಕಡಿಮೆ. "ಹಾಗಾದರೆ ಸರಿಯಾಗಿಯೇ ಓದಿದೆ" ಎಂದು ಅನ್ನಿಸುವುದು ಸಹಜ. ಆದರೆ 118 ಇದ್ದಿದ್ದರೂ ಅದು 150ಕ್ಕಿಂತ ಕಡಿಮೆಯೇ, ಆಗಲೂ L ಬರುತ್ತಿತ್ತು. ಹಾಗಾಗಿ ಈ ಗುರುತು 18ರ ಪರವಾಗಿ ಏನನ್ನೂ ಹೇಳುತ್ತಿಲ್ಲ.

ಕೆಳಗಿನ ಎರಡು ಸಾಲು ನೋಡಿ. MPV ಎಂದರೆ ಒಂದು ಪ್ಲೇಟ್‌ಲೆಟ್‌ನ ಸರಾಸರಿ ಗಾತ್ರ. PCT ಎಂದರೆ ರಕ್ತದಲ್ಲಿ ಎಲ್ಲಾ ಪ್ಲೇಟ್‌ಲೆಟ್‌ಗಳು ಸೇರಿ ತುಂಬಿರುವ ಪಾಲು. ಎಣಿಕೆಯನ್ನು ಗಾತ್ರದಿಂದ ಗುಣಿಸಿದರೆ ಈ ಪಾಲು ಬರಬೇಕು. ಯಂತ್ರವೂ ಹೀಗೆಯೇ ಲೆಕ್ಕ ಹಾಕಿ ಅಚ್ಚು ಮಾಡುತ್ತದೆ:

```
PCT = PLT × MPV ÷ 10000
```

18ನ್ನು 10.2ರಿಂದ ಗುಣಿಸಿ 10000ದಿಂದ ಭಾಗಿಸಿದರೆ 0.018 ಬರುತ್ತದೆ. ರಿಪೋರ್ಟ್‌ನಲ್ಲಿ ಅದು 0.02 ಎಂದಿರಬೇಕಿತ್ತು. ಇರುವುದು 0.12. ಅಂದರೆ ಮೂರರಲ್ಲಿ ಯಾವುದೋ ಒಂದು ಸಂಖ್ಯೆ ತಪ್ಪಾಗಿ ಓದಲಾಗಿದೆ. ಮತ್ತೆ ಕ್ರಾಪ್ ಮಾಡಬೇಕು ಎಂಬ ಸೂಚನೆ ಇದೇ.

ಮೂಲ ಫೋಟೊದಿಂದ ಆ ಸಾಲನ್ನು ಕತ್ತರಿಸಿ ಹಿಗ್ಗಿಸಿದಾಗ ಕಾರಣ ಕಾಣುತ್ತದೆ. ಕೋಷ್ಟಕದ ಲಂಬ ಗೆರೆಗೆ ತಾಗಿದಂತೆ ಸಂಖ್ಯೆ ಅಚ್ಚಾಗಿದೆ. ಗೆರೆಗೆ ಅಂಟಿಕೊಂಡ ಮೊದಲ 1 ಅನ್ನು ತಂತ್ರಾಂಶ ಗೆರೆಯ ಭಾಗ ಎಂದು ತಿಳಿದು ಬಿಟ್ಟಿದೆ. ಈಗ ಓದಿದರೆ 118. ಗುಣಿಸಿ ನೋಡಿದರೆ 0.120. ತಾಳೆಯಾಯಿತು.

ಇಲ್ಲಿ ಒಂದು ಎಚ್ಚರಿಕೆ. ಕೊನೆಯ ಅಂಕಿ 8 ಅಲ್ಲ, 3 ಆಗಿದ್ದರೆ? 113ನ್ನು ಗುಣಿಸಿದರೆ 0.115 ಬರುತ್ತದೆ, ಎರಡು ದಶಾಂಶಕ್ಕೆ ಇಳಿಸಿದರೆ ಅದೂ 0.12. ಅಂದರೆ ಲೆಕ್ಕ 18ನ್ನು ತಳ್ಳಿಹಾಕಬಲ್ಲದು, 113 ಮತ್ತು 118ರ ನಡುವೆ ತೀರ್ಪು ಕೊಡಲಾರದು. ಅದನ್ನು ಕಣ್ಣಿನಿಂದಲೇ, ಗೊತ್ತಿರುವ 3 ಮತ್ತು 8ರ ಜೊತೆ ಹೋಲಿಸಿಯೇ ತೀರ್ಮಾನಿಸಬೇಕು. ಲೆಕ್ಕದಿಂದ ತಪ್ಪು ಇದೆ ಎಂದು ಕಂಡುಹಿಡಿಯಿರಿ, ಆದರೆ ಕಾಣದ ಅಂಕಿಯನ್ನು ಲೆಕ್ಕದಿಂದ ತುಂಬಬೇಡಿ.

ಲೆಕ್ಕ ತಾಳೆಯಾಗದಿದ್ದ ಮಾತ್ರಕ್ಕೆ ಓದಿದ್ದು ತಪ್ಪು ಎಂದೂ ಅಲ್ಲ. ಪ್ಲೇಟ್‌ಲೆಟ್ ತೀರಾ ಕಡಿಮೆಯಿದ್ದಾಗ ಅಥವಾ ಗುಂಪುಗಟ್ಟಿದಾಗ ಲ್ಯಾಬ್‌ನವರು ಸ್ಲೈಡ್ ನೋಡಿ ಎಣಿಕೆಯನ್ನು ತಿದ್ದುವುದುಂಟು. ಆಗ PLT ಮಾತ್ರ ಬದಲಾಗಿ PCT ಯಂತ್ರ ಕೊಟ್ಟದ್ದೇ ಉಳಿದಿರಬಹುದು. ಕೆಲವು ರಿಪೋರ್ಟ್‌ಗಳಲ್ಲಿ MPV, PCT ಜಾಗ ಖಾಲಿಯೂ ಇರುತ್ತದೆ. ಹಾಗಿದ್ದಾಗ ಲ್ಯಾಬ್‌ಗೆ ಫೋನ್ ಮಾಡಿ ಕೇಳುವುದೊಂದೇ ದಾರಿ.

ಬೇರೆ ರಿಪೋರ್ಟ್‌ಗಳಲ್ಲೂ ಇಂಥ ತಾಳೆ ಇರುತ್ತದೆ. ಬಿಳಿರಕ್ತಕಣಗಳ ಬಗೆಗಳ ಶೇಕಡಾವಾರು ಕೂಡಿದರೆ 100 ಅಥವಾ ಅದರ ತೀರಾ ಹತ್ತಿರ ಬರಬೇಕು. ಲಿವರ್ ಪರೀಕ್ಷೆಯಲ್ಲಿ ಡೈರೆಕ್ಟ್ ಮತ್ತು ಇನ್‌ಡೈರೆಕ್ಟ್ ಬಿಲಿರುಬಿನ್ ಸೇರಿದರೆ ಟೋಟಲ್ ಬರಬೇಕು.

ಮತ್ತೆ ಕ್ರಾಪ್ ಮಾಡುವ ಸರಿಯಾದ ವಿಧಾನ

ಕ್ರಾಪ್ ಮಾಡಬೇಕಾದದ್ದು ಮೂಲ ಫೈಲ್‌ನಿಂದ. ಎಷ್ಟೋ ಜನ ಮಾಡುವುದು ಏನೆಂದರೆ, ಪೂರ್ತಿ ಪುಟ ಪರದೆ ಮೇಲಿರುವಾಗ ಸ್ಕ್ರೀನ್‌ಶಾಟ್ ಹೊಡೆದು ಅದನ್ನು ಕತ್ತರಿಸುವುದು. ಪರದೆಯ ಅಗಲ 1080 ಪಿಕ್ಸೆಲ್ ಇದ್ದರೆ ನಿಮ್ಮ 3000 ಪಿಕ್ಸೆಲ್ ಅಗಲದ ಫೋಟೊ ಆ ಸ್ಕ್ರೀನ್‌ಶಾಟ್‌ನಲ್ಲಿ 1080ಕ್ಕೆ ಇಳಿದಿರುತ್ತದೆ. ಕತ್ತರಿಸುವ ಮೊದಲೇ ಮಾಹಿತಿ ಹೋಗಿರುತ್ತದೆ.

ಅಂಕಿಯನ್ನಷ್ಟೇ ಒತ್ತಿ ಕತ್ತರಿಸಬೇಡಿ. ಪರೀಕ್ಷೆಯ ಹೆಸರು, ಅಳತೆ, ಸಾಮಾನ್ಯ ಮಿತಿ ಎಲ್ಲಾ ಸೇರಿ ಪೂರ್ತಿ ಸಾಲು ಬರಲಿ, ಸುತ್ತ ಸ್ವಲ್ಪ ಬಿಳಿ ಜಾಗವೂ ಇರಲಿ. ಅಂಚಿಗೆ ತಾಗಿದ ಅಕ್ಷರವನ್ನು ತಂತ್ರಾಂಶಗಳು ಸರಿಯಾಗಿ ಓದುವುದಿಲ್ಲ. ಸಾಲಿನ ಹೆಸರು ಇಲ್ಲದಿದ್ದರೆ ಮೇಲಿನ ಸಾಲಿನ ಸಂಖ್ಯೆ ಕೆಳಗಿನದಕ್ಕೆ ಸೇರಿಹೋಗುವ ಅಪಾಯವೂ ಇದೆ. ಹಾಳೆ ವಾರೆಯಾಗಿದ್ದರೆ ಮೊದಲು ನೆಟ್ಟಗೆ ಮಾಡಿ.

ಓದುವಾಗ ಒಂದೊಂದೇ ಅಂಕಿ ಓದಿ. ಸಾಧ್ಯವಾದರೆ ಮನೆಯ ಇನ್ನೊಬ್ಬರಿಗೆ ಕೊಟ್ಟು "ಇದೇನಿದೆ ಓದು" ಎನ್ನಿ. "ಇದು ಹದಿನೆಂಟಾ?" ಎಂದು ಕೇಳಿದರೆ ಮುಗಿಯಿತು, ಅವರ ಕಣ್ಣಿಗೂ ಹದಿನೆಂಟೇ ಕಾಣುತ್ತದೆ. ಇಬ್ಬರು ಬೇರೆಬೇರೆ ಓದಿದರೆ, ಅಥವಾ ಸ್ವಲ್ಪ ಬದಲಾಯಿಸಿದ ಎರಡು ಕ್ರಾಪ್‌ಗಳಿಂದ ಆ್ಯಪ್ ಎರಡು ಉತ್ತರ ಕೊಟ್ಟರೆ, ಅದು ಓದಲ್ಲ, ಊಹೆ.

ಸ್ಪಷ್ಟವಾಗಿ ಕಂಡರೆ ನಂಬಬಹುದೇ?

ಮಸುಕಾದ ಫೋಟೊವನ್ನು ಕ್ಲಿಯರ್ ಮಾಡಿಕೊಡುವ ಆ್ಯಪ್‌ಗಳು ಇವೆಯಲ್ಲ ಎಂದು ಕೆಲವರು ಕೇಳಬಹುದು. ಅವು ಅಂಚುಗಳನ್ನು ತೀಕ್ಷ್ಣ ಮಾಡುತ್ತವೆ, ಕೆಲವು ಆ್ಯಪ್‌ಗಳು ಕಾಣದ ಭಾಗವನ್ನು ತಾವೇ ತುಂಬುತ್ತವೆ. ಮುಖದ ಫೋಟೊಗೆ ಅದು ಚೆನ್ನ. ಅಂಕಿಗೆ ಅದರಿಂದ ಕೆಡುಕೇ ಹೆಚ್ಚು. ಮಸುಕಾದ ಅಂಕಿ ನಿಮ್ಮಲ್ಲಿ ಅನುಮಾನ ಹುಟ್ಟಿಸುತ್ತದೆ, ಸ್ಪಷ್ಟವಾದ ತಪ್ಪು ಅಂಕಿ ಹುಟ್ಟಿಸುವುದಿಲ್ಲ.

ಇದಕ್ಕೆ 2013ರಲ್ಲಿ ಜರ್ಮನಿಯಲ್ಲಿ ಬೆಳಕಿಗೆ ಬಂದ ಪ್ರಕರಣ ಒಳ್ಳೆಯ ಸಾಕ್ಷಿ. ಡೇವಿಡ್ ಕ್ರೀಸೆಲ್ ಎಂಬ ಕಂಪ್ಯೂಟರ್ ವಿಜ್ಞಾನಿ ಜೆರಾಕ್ಸ್ ಕಂಪನಿಯ ವರ್ಕ್‌ಸೆಂಟರ್ ಯಂತ್ರದಲ್ಲಿ ಸ್ಕ್ಯಾನ್ ಆದ ಕಟ್ಟಡದ ನಕ್ಷೆಯನ್ನು ಪರಿಶೀಲಿಸಿದರು. ಮೂಲದಲ್ಲಿ ಮೂರು ಕೋಣೆಗಳ ವಿಸ್ತೀರ್ಣ 14.13, 21.11 ಮತ್ತು 17.42 ಚದರ ಮೀಟರ್ ಎಂದಿತ್ತು. ಸ್ಕ್ಯಾನ್‌ನಲ್ಲಿ ಮೂರಕ್ಕೂ 14.13 ಎಂದೇ ಬಂದಿತ್ತು. ಅಂಕಿಗಳು ಎಲ್ಲೂ ಮಸುಕಾಗಿರಲಿಲ್ಲ, ಅಚ್ಚುಕಟ್ಟಾಗಿದ್ದವು. ಚಿತ್ರದಲ್ಲಿ ಕಣ್ಣಿಗೇ ದೊಡ್ಡದಾಗಿ ಕಾಣುವ ಕೋಣೆಗೂ ಚಿಕ್ಕ ಕೋಣೆಗೂ ಒಂದೇ ವಿಸ್ತೀರ್ಣ ಇದ್ದದ್ದರಿಂದ ತಪ್ಪು ಗೊತ್ತಾಯಿತು.

ಆ ಯಂತ್ರ ಫೈಲ್ ಗಾತ್ರ ಕಡಿಮೆ ಮಾಡಲು ಜೆಬಿಗ್2 ಎಂಬ ವಿಧಾನ ಬಳಸುತ್ತಿತ್ತು. ಪುಟದಲ್ಲಿ ಒಂದೇ ರೀತಿ ಕಾಣುವ ಚಿಕ್ಕ ತುಂಡುಗಳಿದ್ದರೆ ಒಂದನ್ನು ಮಾತ್ರ ಇಟ್ಟುಕೊಂಡು ಉಳಿದ ಕಡೆಯೆಲ್ಲ ಅದನ್ನೇ ಅಂಟಿಸುವ ವಿಧಾನ ಅದು. ಚಿಕ್ಕ ಅಕ್ಷರಗಳಿದ್ದಾಗ 6 ಮತ್ತು 8 ಕೂಡ ಅದಕ್ಕೆ ಒಂದೇ ಎನ್ನಿಸಿಬಿಡುತ್ತಿತ್ತು. ಕಂಪನಿ ನಂತರ ತಂತ್ರಾಂಶದ ತಿದ್ದುಪಡಿ ಬಿಡುಗಡೆ ಮಾಡಿತು. ಅಲ್ಲಿ ಆ ಸ್ಕ್ಯಾನನ್ನು ಎಷ್ಟು ಸಲ ಕ್ರಾಪ್ ಮಾಡಿ ಓದಿದ್ದರೂ ಸರಿ ಉತ್ತರ ಬರುತ್ತಿರಲಿಲ್ಲ, ಏಕೆಂದರೆ ಸರಿಯಾದ ಅಂಕಿ ಆ ಫೈಲ್‌ನಲ್ಲೇ ಇರಲಿಲ್ಲ. ಮೂಲ ಕಾಗದ ತೆಗೆದು ನೋಡಲೇಬೇಕಿತ್ತು.

ಎಲ್ಲಾ ಅಂಕಿಗಳಿಗೂ ಇಷ್ಟು ಕಷ್ಟ ಬೇಕೇ?

ಬೇಡ. ರಿಪೋರ್ಟ್‌ನಲ್ಲಿ ಇಪ್ಪತ್ತು ಮೂವತ್ತು ಸಂಖ್ಯೆಗಳಿರುತ್ತವೆ. ಎರಡು ಸಂಭವನೀಯ ಓದುಗಳಲ್ಲಿ ಯಾವುದಾದರೂ ಮುಂದಿನ ಹೆಜ್ಜೆ ಬದಲಾಗುವುದಿಲ್ಲ ಎಂದಾದರೆ ಬಿಡಬಹುದು. ಬದಲಾಗುತ್ತದೆ ಎಂದಾದರೆ ಬಿಡಬಾರದು. 18 ಮತ್ತು 118 ಅಂಥದ್ದು. ಕಿಡ್ನಿ ಪರೀಕ್ಷೆಯ ಕ್ರಿಯಾಟಿನಿನ್ 1.3 ಅಥವಾ 7.3 ಎಂಬುದೂ ಅಂಥದ್ದೇ. ನಿನ್ನೆಯ ಕೌಂಟ್ ಜೊತೆ ಇಂದಿನದನ್ನು ವೈದ್ಯರು ಹೋಲಿಸುತ್ತಿದ್ದರೆ 113 ಮತ್ತು 118 ಕೂಡ ಸರಿಯಾಗಿಯೇ ಹೋಗಲಿ.

ಓದಲಾಗದಿದ್ದರೆ ಆ ಜಾಗದಲ್ಲಿ "ಸರಿಯಾಗಿ ಕಾಣುತ್ತಿಲ್ಲ, 113 ಅಥವಾ 118" ಎಂದೇ ಬರೆಯಿರಿ. ಜೊತೆಗೆ ಕತ್ತರಿಸಿದ ತುಂಡನ್ನೂ ಕಳಿಸಿ. ಕಳಿಸಿದವರಿಗೆ ಹೀಗೆ ಹೇಳಿ: ಹಾಳೆಯನ್ನು ಕಿಟಕಿ ಬೆಳಕಿನಲ್ಲಿ ಸಮತಟ್ಟಾಗಿ ಇಟ್ಟು, ಬೇಕಾದ ಸಾಲುಗಳಷ್ಟೇ ಫೋಟೊ ತುಂಬುವಂತೆ ಹತ್ತಿರದಿಂದ ಹೊಡೆಯಿರಿ, ಮತ್ತು ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಅಥವಾ HD ಆರಿಸಿ ಕಳಿಸಿ. ಲ್ಯಾಬ್‌ನ ಪಿಡಿಎಫ್ ಸಿಕ್ಕರೆ ಇನ್ನೂ ಒಳ್ಳೆಯದು. ಲ್ಯಾಬ್ ಯಂತ್ರದಿಂದ ನೇರವಾಗಿ ತಯಾರಾದ ಪಿಡಿಎಫ್‌ನಲ್ಲಿ ಅಂಕಿಗಳು ಅಕ್ಷರಗಳಾಗಿಯೇ ಇರುತ್ತವೆ, ಎಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲ. ಯಾರೋ ಕಾಗದವನ್ನು ಸ್ಕ್ಯಾನ್ ಮಾಡಿ ಮಾಡಿದ ಪಿಡಿಎಫ್ ಆಗಿದ್ದರೆ ಅದೂ ಒಂದು ಫೋಟೊವೇ. ಅಂಕಿಯ ಮೇಲೆ ಬೆರಳಿಟ್ಟು ಒತ್ತಿ ಹಿಡಿಯಿರಿ. ಅದು ಅಕ್ಷರವಾಗಿ ಆಯ್ಕೆಯಾಗದಿದ್ದರೆ ಅದು ಸ್ಕ್ಯಾನ್. ಆಯ್ಕೆಯಾದರೂ ತುಂಬ ಹಿಗ್ಗಿಸಿದಾಗ ಅಂಚು ಚೌಕಚೌಕವಾಗಿ ಒಡೆದರೆ ಅದೂ ಸ್ಕ್ಯಾನೇ. ಪ್ಲೇಟ್‌ಲೆಟ್ ದಾನಿಗಳನ್ನು ಕೇಳುವ ಮೆಸೇಜ್ ಮುಂದಕ್ಕೆ ಹೋಗುವುದು ಇಷ್ಟು ಮುಗಿದ ಮೇಲೆ, ಮತ್ತು ಬೇಕು ಎಂದು ಚಿಕಿತ್ಸೆ ಕೊಡುತ್ತಿರುವ ವೈದ್ಯರೇ ಹೇಳಿದ ಮೇಲೆ.